ಗೈಡ್ ನಿವೃತ್ತಿಗೆ ಮಾತಾಡಬೇಕಾ? ನಾಲ್ಕು ನಿಮಿಷದ ಬೀಳ್ಕೊಡುಗೆ ಮಾತು ಬರೆಯುವ ಕ್ರಮ

ನಿವೃತ್ತರಾಗುತ್ತಿರುವ ಗೈಡ್ ಬಗ್ಗೆ ನಾಲ್ಕು ಮಾತಾಡಿ ಅಂತ ಹಳೆಯ ವಿದ್ಯಾರ್ಥಿಗಳನ್ನು ಕರೆದಾಗ ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಮೊದಲನೆಯದು, ಮಾತು ಯಾರಿಗೆ ಬೇಕಾದರೂ ಹೊಂದುವಂತಿರುತ್ತದೆ. ಹೆಸರೊಂದನ್ನು ಬದಲಿಸಿದರೆ ಪಕ್ಕದ ವಿಭಾಗದ ಪ್ರೊಫೆಸರ್‌ಗೂ ಅದೇ ಭಾಷಣ ನಡೆಯುತ್ತದೆ. ಎರಡನೆಯದು ಇನ್ನೂ ಮುಜುಗರದ್ದು. ಮುಂದಿನ ಸಾಲಿನಲ್ಲಿ ಕೂತು ನಗುತ್ತಿರುವವರ ಬಗ್ಗೆ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದ ಹಾಗೆ ಮಾತಾಡಿಬಿಡುತ್ತೇವೆ.

ಎರಡಕ್ಕೂ ಕಾರಣ ಒಂದೇ. ಬರೆಯಲು ಕೂತ ತಕ್ಷಣ ಮೊದಲ ವಾಕ್ಯ ಬರೆಯುತ್ತೇವೆ. ಮೊದಲ ವಾಕ್ಯ ಬರೆಯುವುದು ನಿಜವಾಗಿ ಐದನೇ ಹಂತದ ಕೆಲಸ. ಅದಕ್ಕೆ ಮುಂಚಿನ ನಾಲ್ಕು ಹಂತ ಹಾರಿಸಿದರೆ ತಲೆಯಲ್ಲಿ ಉಳಿಯುವುದು ಬರೀ ವಿಶೇಷಣಗಳು: ಸರಳ, ಸಜ್ಜನ, ಶಿಸ್ತಿನ ಸಿಪಾಯಿ.

ಇಲ್ಲಿ ಹೇಳುವುದು ಪಿಎಚ್‌ಡಿ ಅಥವಾ ಎಂಎಸ್ಸಿ ಪ್ರಾಜೆಕ್ಟ್ ಮಾಡಿ ಹೋದ ವಿದ್ಯಾರ್ಥಿ ವೇದಿಕೆಯ ಮೇಲೆ ನಿಂತು ಆಡುವ ಮಾತಿನ ಬಗ್ಗೆ. ನನ್ನ ಜೂನಿಯರ್ ಒಬ್ಬಳು ತನ್ನ ಮೇಡಂ ನಿವೃತ್ತಿಗೆ ಬರೆದ ಮಾತನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅವಳು ಮೊದಲು ಕಳಿಸಿದ್ದು ಹೀಗಿತ್ತು:

"ಮೇಡಂ ಸರಳತೆಯ ಸಾಕಾರಮೂರ್ತಿಯಾಗಿದ್ದರು. ಶಿಸ್ತು, ಸಮಯಪಾಲನೆ, ಪ್ರಾಮಾಣಿಕತೆಗೆ ಇನ್ನೊಂದು ಹೆಸರೇ ಅವರು. ನಮ್ಮನ್ನು ತಾಯಿಯಂತೆ ನೋಡಿಕೊಂಡರು. ಅವರ ಅಗಲಿಕೆ ವಿಭಾಗಕ್ಕೆ ತುಂಬಲಾರದ ನಷ್ಟ."

ಇದು ಎಲ್ಲಿ ಕೆಟ್ಟಿದೆ, ಹೇಗೆ ಸರಿಹೋಯಿತು ಅನ್ನುವುದನ್ನು ಹಂತ ಹಂತವಾಗಿ ನೋಡುತ್ತಾ ಹೋಗೋಣ.

## ಬರೆಯುವ ಮೊದಲು ಕೈಗೆ ಸಿಗಬೇಕಾದವು

ನೆನಪನ್ನೊಂದೇ ನಂಬಬೇಡಿ. ಗೈಡ್ ತಿದ್ದಿಕೊಟ್ಟ ಹಳೆಯ ಥೀಸಿಸ್ ಪ್ರತಿ ಇದ್ದರೆ ಹುಡುಕಿ ತೆಗೆಯಿರಿ. ಅಂಚಿನಲ್ಲಿ ಅವರ ಕೈಬರಹದ ಟಿಪ್ಪಣಿಗಳಿರುತ್ತವೆ. ಅವುಗಳಲ್ಲಿ ಅವರ ದನಿ ಇದ್ದ ಹಾಗೇ ಸಿಗುತ್ತದೆ. ಹಳೆಯ ಇಮೇಲ್‌ಗಳಲ್ಲಿ ಅವರ ಹೆಸರು ಹಾಕಿ ಹುಡುಕಿ. ಲ್ಯಾಬ್ ನೋಟ್‌ಬುಕ್ ಅಥವಾ ಫೀಲ್ಡ್ ಡೈರಿ ಇದ್ದರೆ ಅದೂ ಬೇಕು. ಜೊತೆಯಲ್ಲಿ ಓದಿದವರೊಬ್ಬರ ಫೋನ್ ನಂಬರ್, ಒಂದು ಗಡಿಯಾರ, ಪ್ರಿಂಟ್ ತೆಗೆಯಲು ಎರಡು ಹಾಳೆ. ಇಷ್ಟು ಸಾಕು.

ನಿಮ್ಮ ಥೀಸಿಸ್‌ನ ಕೃತಜ್ಞತೆಯ ಪುಟವನ್ನೂ ಒಮ್ಮೆ ತೆಗೆದು ಓದಿ. ಅದರಲ್ಲಿರುವುದನ್ನು ಮತ್ತೆ ಹೇಳದಿರುವುದಕ್ಕೆ!

## 1. ಸಮಯ, ಸರದಿ, ಸಭಿಕರು

ಕಾರ್ಯಕ್ರಮ ನೋಡಿಕೊಳ್ಳುತ್ತಿರುವವರಿಗೆ ಮೂರು ಪ್ರಶ್ನೆ ಕೇಳಿ. ನನಗೆ ಎಷ್ಟು ನಿಮಿಷ? ನನ್ನ ಹಿಂದೆ ಮುಂದೆ ಯಾರು ಮಾತಾಡುತ್ತಾರೆ? ಕೇಳಲು ಯಾರೆಲ್ಲ ಇರುತ್ತಾರೆ?

ನಾಲ್ಕು ನಿಮಿಷ ಅಂದರೆ ಮೂರಕ್ಕೆ ಬರೆಯಿರಿ. ವೇದಿಕೆಗೆ ನಡೆದು ಬರುವುದು, ಮೈಕ್ ಸರಿಮಾಡಿಕೊಳ್ಳುವುದು, ಜನ ನಕ್ಕಾಗ ನಿಲ್ಲುವುದು, ಎಲ್ಲ ಸೇರಿ ಒಂದು ನಿಮಿಷ ಹೋಗಿಯೇ ಹೋಗುತ್ತದೆ. ಬಿಡಿಸಿ ಬಿಡಿಸಿ ಮಾತಾಡಿದರೆ ಮೂರು ನಿಮಿಷಕ್ಕೆ ಸುಮಾರು 250 ರಿಂದ 300 ಕನ್ನಡ ಪದ ಹಿಡಿಯುತ್ತವೆ. ನಿಮ್ಮ ವೇಗ ಬೇರೆ ಇರಬಹುದು. ಅದಕ್ಕೇ ಗಡಿಯಾರ ಇಟ್ಟುಕೊಳ್ಳಿ ಅಂದಿದ್ದು.

ಸಭಿಕರ ಪ್ರಶ್ನೆ ಇನ್ನೂ ಮುಖ್ಯ. ಗೈಡ್‌ರ ಮನೆಯವರು ಅಲ್ಲಿರುತ್ತಾರೆ. ಅವರಿಗೆ ನಿಮ್ಮ ವಿಷಯದ ಪರಿಭಾಷೆ ಅರ್ಥವಾಗುವುದಿಲ್ಲ. ಆದರೆ ತಮ್ಮ ಮನೆಯವರು ಇಷ್ಟು ವರ್ಷ ಬಾಗಿಲು ಹಾಕಿಕೊಂಡು ಏನು ಮಾಡುತ್ತಿದ್ದರು ಅಂತ ತಿಳಿಯುವ ಆಸೆ ಎಲ್ಲರಿಗಿಂತ ಜಾಸ್ತಿ ಅವರಿಗೇ ಇರುತ್ತದೆ. ಈಗಿನ ಸಂಶೋಧನಾ ವಿದ್ಯಾರ್ಥಿಗಳೂ ಇರುತ್ತಾರೆ. ಅವರಲ್ಲಿ ಕೆಲವರ ಥೀಸಿಸ್ ಅರ್ಧಕ್ಕಿದೆ, ಮುಂದೆ ಗೈಡ್ ಯಾರು ಅನ್ನುವ ಚಿಂತೆ ಇದೆ. ಅಂಥವರ ಎದುರು "ಇನ್ನು ಮೇಡಂ ಆರಾಮಾಗಿ ಮನೆಯಲ್ಲಿರಲಿ" ಅಂದರೆ ಅವರ ಹೊಟ್ಟೆಯಲ್ಲಿ ಏನಾಗುತ್ತದೆ ಯೋಚಿಸಿ.

## 2. ಗುಣ ಬರೆಯಬೇಡಿ, ಮಾಡಿದ್ದನ್ನು ಬರೆಯಿರಿ

ಒಂದು ಹಾಳೆಯ ಮೇಲೆ ಗೈಡ್ *ಮಾಡಿದ* ಹತ್ತು ಕೆಲಸಗಳನ್ನು ಬರೆಯಿರಿ. ಪ್ರತಿ ಸಾಲೂ ಕ್ರಿಯಾಪದದಲ್ಲಿ ಮುಗಿಯಬೇಕು. "ಶಿಸ್ತಿನವರು" ಅನ್ನುವುದು ಕೆಲಸವಲ್ಲ. "ನನ್ನ ಎರಡನೇ ಅಧ್ಯಾಯವನ್ನು ಐದು ಸಲ ವಾಪಸ್ ಕೊಟ್ಟರು" ಅನ್ನುವುದು ಕೆಲಸ. "ಕಾಳಜಿಯುಳ್ಳವರು" ಅಲ್ಲ, "ಫೆಲೋಶಿಪ್ ಬರದೆ ಇದ್ದಾಗ ಆಫೀಸಿಗೆ ನನ್ನ ಜೊತೆ ತಾವೇ ಬಂದು ನಿಂತರು."

ಹಳೆಯ ಇಮೇಲ್ ಮತ್ತು ತಿದ್ದಿದ ಪ್ರತಿ ಬೇಕಾಗುವುದು ಇಲ್ಲೇ. ನಾಲ್ಕೈದು ಸಾಲು ಆದ ಮೇಲೆ ನೆನಪು ಬರಿದಾಗುತ್ತದೆ. ಆಗ ಕಾಗದ ತಿರುವಿ ಹಾಕಿ. ದೊಡ್ಡ ಘಟನೆಯನ್ನೇ ಹುಡುಕಬೇಡಿ. ಅಂಚಿನಲ್ಲಿ ಬರೆದ "ಇದು ನಿನಗೆ ಹೇಗೆ ಗೊತ್ತು?" ಅನ್ನುವ ನಾಲ್ಕು ಪದವೇ ಪೂರ್ತಿ ಭಾಷಣ ಆಗಬಲ್ಲದು.

ಜೂನಿಯರ್‌ಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: "ಪ್ರಾಮಾಣಿಕತೆ ಅಂದ್ಯಲ್ಲ, ಅದನ್ನ ನೀನು ಕಣ್ಣಾರೆ ನೋಡಿದ್ದು ಯಾವತ್ತು?" ಫೋನ್‌ನಲ್ಲಿ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅದು ಹೇಳೋ ವಿಷಯ ಅಲ್ಲ ಬಿಡಿ ಅಕ್ಕ, ನನ್ನದೇ ತಪ್ಪು ಅದು" ಅಂದಳು. ಹೀಗೆ ಅಂದರು ಅಂದರೆ ಅಲ್ಲೇ ಏನೋ ಇದೆ ಅಂತ ಲೆಕ್ಕ.

## 3. ಒಂದೇ ಘಟನೆ ಆರಿಸಿ

ಹತ್ತರಲ್ಲಿ ಒಂಬತ್ತನ್ನು ಬಿಡಬೇಕು. ಇಲ್ಲಿ ಎಲ್ಲರಿಗೂ ಕೈ ನಡುಗುತ್ತದೆ. ಮೂರು ಘಟನೆ ತುರುಕಿದರೆ ಪ್ರತಿಯೊಂದಕ್ಕೂ ಒಂದೊಂದು ನಿಮಿಷ ಸಿಗುತ್ತದೆ, ಯಾವುದೂ ಕಣ್ಣಿಗೆ ಕಟ್ಟುವುದಿಲ್ಲ.

ಆರಿಸಲು ಎರಡು ಪರೀಕ್ಷೆ ಇವೆ. ಒಂದು, ಇದನ್ನು ಇನ್ನೊಬ್ಬ ಪ್ರೊಫೆಸರ್ ಬಗ್ಗೆಯೂ ಹೇಳಬಹುದಾ? ಹೇಳಬಹುದಾದರೆ ಬಿಡಿ. ಎರಡು, ಘಟನೆಯಲ್ಲಿ ಯಾರ ಮಾನ ಹೋಗುತ್ತದೆ? ಹೋಗುವುದಾದರೆ ಅದು ನಿಮ್ಮದೇ ಆಗಿರಬೇಕು. ಗೈಡ್‌ರದ್ದಾಗಲಿ, ಸಭೆಯಲ್ಲಿ ಕೂತ ಸಹೋದ್ಯೋಗಿಯದ್ದಾಗಲಿ, ಅಲ್ಲಿ ಇಲ್ಲದ ಸಹಪಾಠಿಯದ್ದಾಗಲಿ ಆಗಬಾರದು.

ತಮಾಷೆ ಎಡವುವುದು ಈ ಎರಡನೇ ಪರೀಕ್ಷೆಯಲ್ಲೇ. ಗೈಡ್‌ರ ಸಿಟ್ಟು, ಅವರು ಸಹಿಗೆ ಕಾಯಿಸಿದ್ದು, ಅಧ್ಯಾಯ ಓದದೆ ತಿಂಗಳುಗಟ್ಟಲೆ ಇಟ್ಟುಕೊಂಡಿದ್ದು, ಇವೆಲ್ಲ ಹಾಸ್ಟೆಲ್ ರೂಮಿನಲ್ಲಿ ನಗು ತರುತ್ತವೆ. ಅವರ ಮಗಳ ಎದುರು ತರುವುದಿಲ್ಲ. ಇವತ್ತೂ ಅದೇ ಸಹಿಗೆ ಕಾಯುತ್ತಿರುವ ವಿದ್ಯಾರ್ಥಿ ನಗುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.

ಇನ್ನೊಂದು ಅಪಾಯದ ಸೂಚನೆ: ಘಟನೆಯಲ್ಲಿ "ನಾನು" ಜಾಸ್ತಿ ಆಗುವುದು. ನನ್ನ ಪ್ರಶಸ್ತಿ, ನನ್ನ ಪೋಸ್ಟ್‌ಡಾಕ್, ನನ್ನ ಕಷ್ಟದ ದಿನಗಳು. ಬರೆದಾದ ಮೇಲೆ ಪ್ರತಿ ವಾಕ್ಯದ ಕರ್ತೃ ಯಾರು ಅಂತ ಗುರುತು ಹಾಕಿ ನೋಡಿ. ತಿರುವಿನ ಜಾಗದಲ್ಲಿ ಕೆಲಸ ಮಾಡುವವರು ಗೈಡ್ ಆಗಿರಬೇಕು.

## 4. ಹೇಳುವ ಮುಂಚೆ ನಿಜ ನೋಡಿಕೊಳ್ಳಿ

ಹತ್ತು ವರ್ಷ ಹಿಂದಿನದ್ದನ್ನು ನಾವು ಚೆಂದ ಮಾಡಿಟ್ಟುಕೊಂಡಿರುತ್ತೇವೆ. ಇಸವಿ, ಊರು, ಯಾರು ಮೊದಲು ಏನು ಹೇಳಿದರು, ಇವುಗಳನ್ನು ಕಾಗದದ ಜೊತೆ ಹೋಲಿಸಿ. ಕಾಗದ ಇಲ್ಲದಿದ್ದರೆ ಆಗ ಅಲ್ಲಿದ್ದ ಇನ್ನೊಬ್ಬರನ್ನು ಕೇಳಿ. ಸಭೆಯಲ್ಲಿ ಗೈಡ್ ಕೂತಿರುತ್ತಾರೆ, ಜೀವನವಿಡೀ ಬೇರೆಯವರ ತಪ್ಪು ಹುಡುಕಿದವರು. ತಪ್ಪು ಇಸವಿ ಕೇಳಿದ ಕೂಡಲೇ ಅವರ ಗಮನ ಅಲ್ಲೇ ನಿಂತುಬಿಡುತ್ತದೆ.

ಜೂನಿಯರ್‌ದು ಒಂದು ಪೇಪರ್ ವಾಪಸ್ ತೆಗೆದುಕೊಂಡ ಕಥೆ. ಪೇಪರ್ ಕಳಿಸಿದ ಎರಡೇ ದಿನಕ್ಕೆ ತಪ್ಪು ಸಿಕ್ಕಿತು ಅಂತ ಅವಳ ನೆನಪು. ಇಮೇಲ್ ನೋಡಿದರೆ ಒಂಬತ್ತು ದಿನ ಆಗಿತ್ತು. ಆ ಪೇಪರಿಗೆ ಮೂರನೇ ಲೇಖಕರೊಬ್ಬರಿದ್ದರು. ಅವಳು ಅವರಿಗೂ ಫೋನ್ ಮಾಡಿ, ಇದನ್ನು ಸಭೆಯಲ್ಲಿ ಹೇಳಬಹುದಾ ಅಂತ ಕೇಳಿದಳು. ಹೀಗೆ ಕೇಳುವುದು ಸೌಜನ್ಯಕ್ಕಷ್ಟೇ ಅಲ್ಲ. ಪೇಪರ್ ವಾಪಸ್ ಅಂದ ಕೂಡಲೇ ಜನ ಏನೇನೋ ಅರ್ಥ ಮಾಡಿಕೊಳ್ಳುತ್ತಾರೆ. ಇದು ಇನ್ನೂ ಪ್ರಕಟವಾಗದ, ವಿಮರ್ಶಕರ ಹಂತದಲ್ಲೇ ಇದ್ದ ಪೇಪರ್ ಅನ್ನುವುದನ್ನು ಅವಳು ಮಾತಿನಲ್ಲೇ ಸ್ಪಷ್ಟ ಮಾಡಬೇಕಾಗಿತ್ತು.

ಆರೋಗ್ಯ, ಮನೆಯ ವಿಚಾರ, ಬಡ್ತಿಯ ಜಗಳ, ಇವುಗಳನ್ನು ಗೈಡ್‌ರ ಒಪ್ಪಿಗೆ ಇಲ್ಲದೆ ಎತ್ತಲೇಬೇಡಿ. ನಿವೃತ್ತಿಯ ನಂತರ ಅವರು ಏನು ಮಾಡುತ್ತಾರೆ ಅನ್ನುವುದನ್ನೂ ನೀವು ಘೋಷಿಸಬೇಡಿ. ಅವರೇ ಇನ್ನೂ ತೀರ್ಮಾನ ಮಾಡಿರದೆ ಇರಬಹುದು.

## 5. ಈಗ ಬರೆಯಿರಿ, ಈ ಕ್ರಮದಲ್ಲಿ

ಮೊದಲ ವಾಕ್ಯದಲ್ಲೇ ಘಟನೆಯೊಳಗೆ ಇಳಿಯಿರಿ. "ಮಾತಾಡಲು ಅವಕಾಶ ಕೊಟ್ಟಿದ್ದಕ್ಕೆ" ಅಂತ ಶುರುಮಾಡಿದರೆ ಮೊದಲ ಅರ್ಧ ನಿಮಿಷ ಅಲ್ಲೇ ಹೋಯಿತು. ಗಣ್ಯರ ಪಟ್ಟಿಯನ್ನು ನಿರೂಪಕರು ಓದಿರುತ್ತಾರೆ. ನೀವು ಒಂದು ನಮಸ್ಕಾರ ಹೇಳಿದರೆ ಸಾಕು.

ಎರಡನೆಯದಾಗಿ ನೀವು ಯಾರು ಅಂತ ಒಂದು ವಾಕ್ಯ. ಮೂರನೆಯದು ಘಟನೆಯ ಉಳಿದ ಭಾಗ. ನಾಲ್ಕನೆಯದು, ಅದರಿಂದಾಗಿ ನೀವು *ಇವತ್ತು ಮಾಡುತ್ತಿರುವ* ಒಂದು ಕೆಲಸ. ಕಲಿತ ಪಾಠ ಬೇಡ, ಕೆಲಸ ಬೇಕು. ಕೊನೆಯದಾಗಿ ಗೈಡ್ ಕಡೆ ತಿರುಗಿ ಎರಡು ಮೂರು ವಾಕ್ಯ.

ಆ ಕೊನೆಯ ತಿರುವಿನಲ್ಲಿ ಕನ್ನಡ ನಿಮಗೆ ಸಹಾಯ ಮಾಡುತ್ತದೆ. ಅಲ್ಲಿಯವರೆಗೆ ಸಭೆಗೆ ಹೇಳುತ್ತಾ "ಅವರು" ಅಂದಿರುತ್ತೀರಿ. ಈಗ "ಮೇಡಂ, ನೀವು" ಅನ್ನುತ್ತೀರಿ. ಇಡೀ ಸಭೆಗೆ ಆ ಬದಲಾವಣೆ ಕೇಳಿಸುತ್ತದೆ. ಆದರೆ ಇದು ಒಂದೇ ಸಲ ಆಗಬೇಕು. "ಅವರು", "ನೀವು" ಅಂತ ಹಿಂದೆ ಮುಂದೆ ಓಡಾಡಿದರೆ ಯಾರಿಗೆ ಮಾತಾಡುತ್ತಿದ್ದೀರಿ ಅಂತಲೇ ತಿಳಿಯುವುದಿಲ್ಲ. ಕರೆಯುವುದನ್ನೂ ಲ್ಯಾಬಿನಲ್ಲಿ ಕರೆಯುತ್ತಿದ್ದ ಹಾಗೇ ಕರೆಯಿರಿ. ಹತ್ತು ವರ್ಷ "ಸರ್" ಅಂದವರು ವೇದಿಕೆಯ ಮೇಲೆ "ಪೂಜ್ಯ ಗುರುವರ್ಯರು" ಅಂದರೆ ಅವರೇ ತಬ್ಬಿಬ್ಬಾಗುತ್ತಾರೆ.

ಜೂನಿಯರ್ ಕೊನೆಗೆ ಆಡಿದ ಮಾತು, ಸ್ವಲ್ಪ ಮೊಟಕು ಮಾಡಿ ಕೊಟ್ಟಿದ್ದೇನೆ:

"ನಮಸ್ಕಾರ. ಒಂದು ಶುಕ್ರವಾರ ಸಂಜೆ ಮೇಡಂ ನನ್ನ ಗ್ರಾಫ್ ನೋಡಿ, 'ಬ್ಲಾಂಕ್ ಹಾಕಿದ್ಯಾ?' ಅಂತ ಕೇಳಿದರು. ನಾನು ಹಾಕಿರಲಿಲ್ಲ. ಪೇಪರ್ ಜರ್ನಲ್‌ಗೆ ಕಳಿಸಿ ಒಂಬತ್ತು ದಿನ ಆಗಿತ್ತು.

ನಾನು ಮೇಡಂ ಅವರ ಆರನೇ ಪಿಎಚ್‌ಡಿ ವಿದ್ಯಾರ್ಥಿ. ಎಲೆಯಲ್ಲಿರುವ ಒಂದು ರಾಸಾಯನಿಕ ಅಳೆಯುವುದು ನನ್ನ ಕೆಲಸ. ಬ್ಲಾಂಕ್ ಅಂದರೆ ಎಲೆಯ ರಸ ಹಾಕದ ಬರೀ ದ್ರಾವಣ. ಅದನ್ನು ಯಂತ್ರಕ್ಕೆ ಕೊಟ್ಟರೆ ಏನೂ ಕಾಣಿಸಬಾರದು. ಸೋಮವಾರ ಕೊಟ್ಟೆ. ಕಾಣಿಸಿತು. ಹಿಂದಿನ ಸ್ಯಾಂಪಲ್ ಯಂತ್ರದೊಳಗೆ ಸ್ವಲ್ಪ ಉಳಿದುಕೊಂಡಿತ್ತು. ನಾನು ಏನೋ ಕಂಡುಹಿಡಿದೆ ಅಂದುಕೊಂಡಿದ್ದೆ. ಅದು ಸರಿಯಾಗಿ ತೊಳೆಯದ ಪಾತ್ರೆಯ ವಾಸನೆ, ಅಷ್ಟೇ.

ಮೇಡಂ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಸಂಪಾದಕರಿಗೆ ಪತ್ರ ಬರೆದರು. ಪೇಪರ್ ಇನ್ನೂ ವಿಮರ್ಶಕರ ಹತ್ತಿರ ಇತ್ತು. ಅದನ್ನು ವಾಪಸ್ ತೆಗೆದುಕೊಳ್ಳುತ್ತೇವೆ, ಅಳತೆಗಳನ್ನು ಮೊದಲೇ ಪರಿಶೀಲಿಸಬೇಕಾದ ಜವಾಬ್ದಾರಿ ನನ್ನದಾಗಿತ್ತು ಅಂತ ಬರೆದರು. 'ನನ್ನದು' ಅಂದರೆ ಅವರದು. ತಪ್ಪು ಮಾಡಿದ್ದು ನಾನು. ಆ ಪತ್ರದಲ್ಲಿ ನನ್ನ ಹೆಸರೇ ಇರಲಿಲ್ಲ.

ಕೆಲಸ ಮತ್ತೆ ಮಾಡಲು ಏಳು ತಿಂಗಳು ಹಿಡಿಯಿತು. ಈಗ ನನ್ನ ಹತ್ತಿರ ನಾಲ್ಕು ಜನ ವಿದ್ಯಾರ್ಥಿಗಳಿದ್ದಾರೆ. ಅವರ ನೋಟ್‌ಬುಕ್‌ನಲ್ಲಿ ಪ್ರತಿ ದಿನದ ಮೊದಲ ಸಾಲು ಬ್ಲಾಂಕ್‌ದು. ಯಾಕೆ ಅಂತ ಅವರಿಗೆ ನಾನು ಹೇಳಿರಲಿಲ್ಲ. ಹಿಂದಿನ ಸಾಲಲ್ಲಿ ಕೂತಿದ್ದಾರೆ, ಈಗ ಗೊತ್ತಾಯಿತು.

ಮೇಡಂ, ಆ ಪತ್ರಕ್ಕೆ ನಾನು ನಿಮಗೆ ಇವತ್ತಿನವರೆಗೆ ಥ್ಯಾಂಕ್ಸ್ ಹೇಳಿಲ್ಲ. ಆವತ್ತು ನಾಚಿಕೆ ಆಗಿತ್ತು. ಈಗ ಹೇಳುತ್ತಿದ್ದೇನೆ. ಹೊಸ ಗ್ರಾಫ್ ಮುಂದಿನ ವಾರ ಕಳಿಸುತ್ತೇನೆ, ನೋಡಬೇಕು. ಬ್ಲಾಂಕ್ ಹಾಕಿದ್ದೇನೆ."

"ಪ್ರಾಮಾಣಿಕತೆ" ಅನ್ನುವ ಪದ ಇಲ್ಲಿ ಎಲ್ಲೂ ಇಲ್ಲ. ಯಂತ್ರದ ಹೆಸರೂ ಇಲ್ಲ. ಅವಳು ಬಳಸಿದ್ದು ಎಚ್‌ಪಿಎಲ್‌ಸಿ, ಆದದ್ದಕ್ಕೆ ಲ್ಯಾಬಿನವರು ಕ್ಯಾರಿ-ಓವರ್ ಅನ್ನುತ್ತಾರೆ. ಗಾಢವಾದ ಸ್ಯಾಂಪಲ್ ಹಾಕಿದ ಮೇಲೆ ಮುಂದಿನ ಓಟದಲ್ಲೂ ಅದರ ಚೂರು ಕಾಣಿಸಿಕೊಳ್ಳುವುದು. ಈ ಘಟನೆ ಬರೆದ ಮೊದಲ ಕರಡಿನಲ್ಲಿ ಈ ಎರಡೂ ಪದ ಇದ್ದವು. ತೊಳೆಯದ ಪಾತ್ರೆ ಬಂದ ಮೇಲೆ ಅವು ಬೇಕಾಗಲಿಲ್ಲ.

## 6. ಶ್ರದ್ಧಾಂಜಲಿ ಪರೀಕ್ಷೆ

ಈ ಹಂತವನ್ನು ಬಹಳ ಜನ ಮಾಡುವುದೇ ಇಲ್ಲ. ಬರೆದದ್ದನ್ನು ತೆಗೆದುಕೊಂಡು ಕ್ರಿಯಾಪದಗಳ ಕೊನೆಯನ್ನಷ್ಟೇ ನೋಡಿ. "ಸರಳವಾಗಿದ್ದರು", "ಪ್ರೀತಿಸುತ್ತಿದ್ದರು", "ಮಹಾನ್ ವಿದ್ವಾಂಸರಾಗಿದ್ದರು". ಗುಣ ಹೇಳುವಾಗ "ಇದ್ದರು" ಬಂದರೆ ಕೇಳುವವರಿಗೆ ಮನುಷ್ಯ ಈಗಿಲ್ಲ ಅಂತ ಕೇಳಿಸುತ್ತದೆ. ನಿವೃತ್ತಿ ಆಗುತ್ತಿರುವುದು ಹುದ್ದೆಯಿಂದ. ಸ್ವಭಾವ ಎಲ್ಲಿಗೂ ಹೋಗುವುದಿಲ್ಲ.

ನಿಯಮ ಸುಲಭ. ನಡೆದ ಘಟನೆಗೆ ಭೂತಕಾಲ: "ಪತ್ರ ಬರೆದರು." ಸ್ವಭಾವಕ್ಕೆ ವರ್ತಮಾನ: "ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುತ್ತಾರೆ." ಇಲಾಖೆಯಲ್ಲಿ ನಿಜವಾಗಿ ಮುಗಿದ ಅಭ್ಯಾಸಕ್ಕೆ ಮಾತ್ರ "-ತ್ತಿದ್ದರು": "ಬೆಳಗ್ಗೆ ಎಂಟಕ್ಕೇ ಲ್ಯಾಬ್ ತೆಗೆಯುತ್ತಿದ್ದರು."

ಆಮೇಲೆ ಈ ಪದಗಳನ್ನು ಹುಡುಕಿ: ಅಗಲಿಕೆ, ತುಂಬಲಾರದ ನಷ್ಟ, ದಾರಿದೀಪ, ಅಜರಾಮರ, ಚಿರಸ್ಥಾಯಿ, ಅವರ ನೆನಪು ಸದಾ ನಮ್ಮೊಂದಿಗೆ. ಪತ್ರಿಕೆಯ ನಿಧನ ವಾರ್ತೆಯಲ್ಲಿ ಇವನ್ನು ಓದಿ ಓದಿ ನಮ್ಮ ಕಿವಿಗೆ ಅದೇ ಅರ್ಥ ಅಂಟಿಕೊಂಡಿದೆ. ಒಂದು ಸಿಕ್ಕರೂ ಆ ಸಾಲನ್ನೇ ತೆಗೆಯಿರಿ. ಬದಲಿ ಪದ ಹುಡುಕುತ್ತಾ ಕೂರಬೇಡಿ. ಆ ಸಾಲಿನಲ್ಲಿ ಸಾಮಾನ್ಯವಾಗಿ ಬೇರೆ ಏನೂ ಇರುವುದಿಲ್ಲ.

## 7. ಗಟ್ಟಿಯಾಗಿ ಓದಿ, ಕಡಿಯಿರಿ

ನಿಂತುಕೊಂಡು, ದನಿ ತೆಗೆದು, ಗಡಿಯಾರ ಇಟ್ಟು ಓದಿ. ಮನಸ್ಸಿನಲ್ಲಿ ಓದಿದ್ದು ಲೆಕ್ಕಕ್ಕಿಲ್ಲ, ಅದು ಯಾವಾಗಲೂ ಬೇಗ ಮುಗಿಯುತ್ತದೆ. ಉಸಿರು ಸಾಲದ ವಾಕ್ಯವನ್ನು ಎರಡು ಮಾಡಿ. ನಾಲಿಗೆ ತೊಡರುವ ಪದ ಬದಲಿಸಿ.

ಎಲ್ಲಿ ಗಂಟಲು ಕಟ್ಟುತ್ತದೆ ಅನ್ನುವುದು ಆಗಲೇ ಗೊತ್ತಾಗುತ್ತದೆ. ಅಲ್ಲಿ ಪೆನ್ಸಿಲ್‌ನಲ್ಲಿ ಒಂದು ಗೆರೆ ಹಾಕಿ. ಆ ಗೆರೆಯ ಮುಂದಿನ ವಾಕ್ಯ ನಾಲ್ಕೈದು ಪದದ್ದಿರಲಿ, ಸಾಧ್ಯವಾದರೆ ಒಣ ಮಾಹಿತಿ ಇರಲಿ. ಜೂನಿಯರ್‌ಗೆ "ನನ್ನ ಹೆಸರೇ ಇರಲಿಲ್ಲ" ಅನ್ನುವಲ್ಲಿ ದನಿ ಹೋಗುತ್ತಿತ್ತು. ಅದಾದ ಕೂಡಲೇ ಬರುವುದು ಏಳು ತಿಂಗಳ ಲೆಕ್ಕ. ಅದು ಸುಮ್ನೆ ಬಂದದ್ದಲ್ಲ.

ಪ್ರಿಂಟ್ ದೊಡ್ಡ ಅಕ್ಷರದಲ್ಲಿ, ಒಂದೇ ಬದಿಗೆ ತೆಗೆಯಿರಿ. ಫೋನ್ ನೋಡಿ ಓದಬೇಡಿ. ಸರಿಯಾಗಿ ನಡುವಿನಲ್ಲಿ ಪರದೆ ಆರುತ್ತದೆ, ಇಲ್ಲವೇ ಯಾರದ್ದೋ ಕರೆ ಬರುತ್ತದೆ.

## ಗೈಡ್ ಜೊತೆ ಸಂಬಂಧ ಚೆನ್ನಾಗಿರದಿದ್ದರೆ

ಇದನ್ನು ಕೇಳುವವರು ಕಡಿಮೆ, ಅನುಭವಿಸುವವರು ಜಾಸ್ತಿ. ಮೊದಲ ಆಯ್ಕೆ, ಮಾತಾಡುವುದಿಲ್ಲ ಅಂತ ನಯವಾಗಿ ಹೇಳುವುದು. ಅದರಲ್ಲಿ ತಪ್ಪಿಲ್ಲ. ತಪ್ಪಿಸಿಕೊಳ್ಳಲು ಆಗದಿದ್ದರೆ ಎರಡು ನಿಮಿಷ ಸಾಕು, ಮತ್ತು ನಿಜವಾದದ್ದನ್ನೇ ಹೇಳಿ. ಎಷ್ಟೇ ಜಗಳವಾಡಿದ ಗೈಡ್ ಹತ್ತಿರವೂ ಒಂದು ವಿಧಾನ, ಒಂದು ಪ್ರಶ್ನೆ, ಓದಲು ಕೊಟ್ಟ ಒಂದು ಪುಸ್ತಕ ಸಿಕ್ಕಿರುತ್ತದೆ. ಅದನ್ನು ಹೇಳಿ ಕೂರಿ. ಹಳೆಯ ನೋವನ್ನು ಚುಚ್ಚುಮಾತಾಗಿ ಹೇಳುವುದು ಬೇಡ, ಇಲ್ಲದ ಪ್ರೀತಿ ಕಟ್ಟುವುದೂ ಬೇಡ. ಎರಡನ್ನೂ ಮೊದಲು ಗುರುತಿಸುವವರು ಅವರೇ.

## 8. ಆ ದಿನ

ನಿಮಗಿಂತ ಮುಂಚಿನವರು ನಿಮ್ಮ ಘಟನೆಯನ್ನೇ ಹೇಳಿಬಿಟ್ಟರೆ ಗಾಬರಿ ಬೇಡ. ಎರಡನೇ ಹಂತದ ಹತ್ತು ಸಾಲಿನ ಹಾಳೆ ಜೇಬಿನಲ್ಲಿರಲಿ. ಅದರಿಂದ ಇನ್ನೊಂದನ್ನು ಎತ್ತಿಕೊಳ್ಳಿ. ಸಮಯ ಮೀರುತ್ತಿದೆ ಅಂತ ಚೀಟಿ ಬಂದರೆ ನಡುವಿನ ಭಾಗ ಬಿಟ್ಟು ನೇರವಾಗಿ "ಮೇಡಂ, ನೀವು" ಅನ್ನುವ ಜಾಗಕ್ಕೆ ಹೋಗಿ. ಆ ಪ್ಯಾರಾವನ್ನು ಬಾಯಿಪಾಠ ಮಾಡಿಕೊಂಡಿರಿ. ಅಲ್ಲಿ ಹಾಳೆ ನೋಡಬಾರದು.

ಹೋಗಲು ಆಗದಿದ್ದರೆ ಅದೇ ಮಾತನ್ನು ಪತ್ರವಾಗಿ ಕಳಿಸಬಹುದು. ಆಗ ಮೊದಲಿನಿಂದಲೂ "ನೀವು" ಇರಲಿ. ಬ್ಲಾಂಕ್ ಅಂದರೆ ಏನು ಅನ್ನುವ ವಿವರಣೆ ಬೇಕಿಲ್ಲ.

ಮಾತು ಮುಗಿದ ಮೇಲೆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳಬೇಡಿ. ಗದ್ದಲದಲ್ಲಿ ಅವರಿಗೆ ಅರ್ಧ ಕೇಳಿಸಿರುವುದಿಲ್ಲ. ದಿನಾಂಕ ಹಾಕಿ, ಸಹಿ ಮಾಡಿ, ಅವರ ಕೈಗೇ ಕೊಡಿ. ಜೂನಿಯರ್ ಕೊಟ್ಟ ಹಾಳೆ ಮೂರು ದಿನದ ಮೇಲೆ ಫೋಟೋ ಆಗಿ ಅವಳ ಫೋನಿಗೆ ವಾಪಸ್ ಬಂತು. "ಪಾತ್ರೆಯ ವಾಸನೆ" ಅನ್ನುವುದರ ಕೆಳಗೆ ಕೆಂಪು ಗೆರೆ, ಅಂಚಿನಲ್ಲಿ ಒಂದು ಸಾಲು: "ಸರಿಯಾದ ಹೋಲಿಕೆ. ಗ್ರಾಫ್ ಎಲ್ಲಿ?"